ಯಾವಾಗ ಗೊತ್ತಾಯಿತು

ವಿದ್ಯಾರ್ಥಿಗಳು ಅವಳನ್ನು ಬೆನ್ನ ಹಿಂದೆ ಕೆಸರು ಮೇಡಂ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಕೆಸರು ತೆಗೆಯುವುದು, ಅದನ್ನು ಬೆರಳಗಲ ಬೆರಳಗಲ ಕತ್ತರಿಸುವುದು, ಆಮ್ಲದಲ್ಲಿ ತೊಳೆಯುವುದು, ಕೊನೆಗೆ ಉಳಿದ ಚಿಟಿಕೆ ಪುಡಿಯಲ್ಲಿ ನೂರಾರು ವರ್ಷದ ಹಿಂದೆ ಉದುರಿದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುವುದು. ಇದೇ ಅವಳ ಕೆಲಸ. ಕೆಳಗಿನ ಕೆಸರು ಹಳೆಯದು, ಮೇಲಿನದು ಹೊಸದು. ಯಾವ ಪದರದಲ್ಲಿ ಯಾವ ಮರದ ಪರಾಗ ಎಷ್ಟಿದೆ ಎಂದು ನೋಡಿದರೆ ಆ ಕಾಲದಲ್ಲಿ ಕೆರೆಯ ಸುತ್ತ ಎಂಥ ಕಾಡಿತ್ತು ಎಂದು ಹೇಳಬಹುದು.

ಆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಅವಳು ತಾತ್ಕಾಲಿಕ ಉಪನ್ಯಾಸಕಿ. ವರ್ಷಕ್ಕೆ ಹತ್ತು ತಿಂಗಳ ಕೆಲಸ, ಎರಡು ತಿಂಗಳು ಯಾರೂ ಅಲ್ಲ. ಪ್ರತಿ ಸಲ ರಜೆ ಮುಗಿದ ಮೇಲೆ ಅದೇ ಅರ್ಜಿ, ಅದೇ ಫೋಟೋ, ಹೊಸ ಗುರುತಿನ ಚೀಟಿ. ಸಿಬ್ಬಂದಿಯ ಕೋಣೆಯಲ್ಲಿ ಅವಳಿಗೆ ಮೇಜಿತ್ತು, ಮೇಜಿಗೆ ಬೀಗ ಇರಲಿಲ್ಲ. ಆ ವರ್ಷ ಕೊನೆಗೂ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದರು. ಅವಳಿಗಾಗ ನಲವತ್ತಮೂರು. ಇನ್ನೊಮ್ಮೆ ಕರೆಯುವ ಹೊತ್ತಿಗೆ ವಯಸ್ಸು ಮೀರಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳಿದವರು ಅವಳ ಅತ್ತೆಯೊಬ್ಬರೇ.

ಅರ್ಜಿ ಹಾಕಿದ ಮೂವತ್ತೆಂಟು ಜನರಲ್ಲಿ ಇಬ್ಬರನ್ನು ಸಂದರ್ಶನಕ್ಕೆ ಕರೆದರು. ಅವಳ ಹೆಸರು ಅದರಲ್ಲಿ ಬರಲು ಕಾರಣ ಒಂದು ಪ್ರಬಂಧ. ಒಂಬತ್ತು ವರ್ಷದ ಹಿಂದೆ ತನ್ನ ಗೈಡ್ ಜೊತೆ ಬರೆದದ್ದು. ಆರುನೂರು ವರ್ಷದ ಹಿಂದೆ, ಹೆಚ್ಚೆಂದರೆ ಒಂದೆರಡು ತಲೆಮಾರಿನಲ್ಲಿ, ಆ ಕೆರೆಯ ಸುತ್ತಿನ ಕಾಡು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂಬುದು ಅದರ ಸಾರ. ಎಂಬತ್ತನಾಲ್ಕನೇ ಸೆಂಟಿಮೀಟರಿನ ಆಳದಲ್ಲಿ ಪರಾಗದ ಪ್ರಮಾಣ ತೋರಿಸುವ ಗೆರೆ ಬಂಡೆಯಿಂದ ಬಿದ್ದ ಹಾಗೆ ಬೀಳುತ್ತಿತ್ತು. ಆ ಚಿತ್ರವನ್ನು ಬೇರೆಯವರು ತಮ್ಮ ಪುಸ್ತಕಗಳಲ್ಲಿ ಹಾಕಿಕೊಂಡಿದ್ದರು.

ಸಂದರ್ಶನಕ್ಕೆ ಮೂರು ವಾರ ಇದ್ದಾಗ, ಒಂದು ಮಧ್ಯಾಹ್ನ, ಆ ದಿನ ಕೊಡಬೇಕಿದ್ದ ಭಾಷಣಕ್ಕೊಂದು ಹಳೆಯ ಫೋಟೋ ಬೇಕೆಂದು ಅವಳು ಆ ಕಾಲದ ಪ್ರಯೋಗಾಲಯದ ಪುಸ್ತಕ ತೆಗೆದಳು. ಹಾಳೆ ತಿರುವುವಾಗ ತನ್ನದೇ ಅಕ್ಷರದ ಒಂದು ಸಾಲು ಕಣ್ಣಿಗೆ ಬಿತ್ತು: 'ಮಾತ್ರೆ ಮುಗಿಯಿತು, ಹೊಸ ಡಬ್ಬಿ ತೆರೆದೆ.' ಪಕ್ಕದಲ್ಲಿ ಮಾದರಿಯ ಆಳ. ಎಂಬತ್ತನಾಲ್ಕು.

ಈ ಮಾತ್ರೆಯ ಲೆಕ್ಕ ಸರಳ. ಪ್ರತಿ ಮಾದರಿಗೂ ಕೆರೆಯ ಸುತ್ತ ಎಲ್ಲೂ ಬೆಳೆಯದ ಒಂದು ಗಿಡದ ಬೀಜಾಣು ತುಂಬಿದ ಮಾತ್ರೆಯನ್ನು ಬೆರೆಸುತ್ತಾರೆ. ಒಂದು ಮಾತ್ರೆಯಲ್ಲಿ ಎಷ್ಟು ಬೀಜಾಣು ಇವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಎಣಿಸುವಾಗ ಅವು ಎಷ್ಟು ಸಿಕ್ಕವು, ಪರಾಗ ಎಷ್ಟು ಸಿಕ್ಕಿತು ಎಂದು ಹೋಲಿಸಿದರೆ ಇಡೀ ಮಾದರಿಯಲ್ಲಿ ಪರಾಗ ಎಷ್ಟಿದೆ ಎಂದು ತಿಳಿಯುತ್ತದೆ. ಮೊದಲ ಡಬ್ಬಿಯ ಮಾತ್ರೆಯಲ್ಲಿ ಇದ್ದದ್ದು ಹತ್ತು ಸಾವಿರದ ಆರುನೂರು. ಅವಳು ಬೀರುವಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸಿ ಎರಡನೆಯ ಡಬ್ಬಿಯನ್ನು ಹುಡುಕಿ ತೆಗೆದಳು. ಹದಿನೆಂಟು ಸಾವಿರದ ಐನೂರು. ಲೆಕ್ಕದಲ್ಲಿ ಮಾತ್ರ ತಳದಿಂದ ತುದಿಯವರೆಗೆ ಮೊದಲ ಡಬ್ಬಿಯ ಸಂಖ್ಯೆಯನ್ನೇ ಹಾಕಿದ್ದಳು.

ಅಲ್ಲೇ ಕೂತು ಸರಿಪಡಿಸಿ ನೋಡಿದಳು. ಗೆರೆ ನೇರವಾಯಿತು. ಕಾಡು ಎಲ್ಲಿಗೂ ಹೋಗಿರಲಿಲ್ಲ.

ಮಾರನೆಯ ದಿನ ಗೈಡ್ ಕೋಣೆಗೆ ಹೋದಳು. ವಿಭಾಗದಲ್ಲಿ ಎಲ್ಲರೂ ಅವರನ್ನು ದೊಡ್ಡ ಸರ್ ಎನ್ನುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅವಳ ಹೆರಿಗೆಯ ಹೊತ್ತಿನಲ್ಲಿ ಅವಳ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡು, ಕೆಲಸ ಕೈತಪ್ಪದ ಹಾಗೆ ನೋಡಿಕೊಂಡ ಮನುಷ್ಯ. ಅವರು ಎರಡೂ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಯಾರಿಗಾದ್ರೂ ಹೇಳಿದ್ಯೇನಮ್ಮಾ?" ಎಂದರು.

ಇಲ್ಲ ಎಂದಳು.

"ಹೇಳಬೇಡ. ಮುಚ್ಚಿಡು ಅಂತಲ್ಲ. ಮೊದಲು ಕೆಲಸ ಕೈಗೆ ಬರಲಿ. ಆಮೇಲೆ ಇಬ್ಬರೂ ಕೂತು ತಿದ್ದುಪಡಿ ಬರೆದು ಕಳಿಸೋಣ. ಒಂಬತ್ತು ವರ್ಷ ಕಾದ ತಪ್ಪು ಇನ್ನೊಂದು ತಿಂಗಳು ಕಾಯುತ್ತೆ."

ಹಾಗಾದರೆ ಭಾಷಣದಿಂದ ಆ ಚಿತ್ರ ತೆಗೆಯುತ್ತೇನೆ ಎಂದಳು. ಅದು ಆಗದ ಮಾತು ಎಂದರು ದೊಡ್ಡ ಸರ್. ಅವಳನ್ನು ಕರೆದದ್ದೇ ಆ ಪ್ರಬಂಧ ನೋಡಿ, ಅದೇ ಇಲ್ಲದಿದ್ದರೆ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ. ಅರ್ಧ ನಿಮಿಷ ತೋರಿಸಿ ಮುಂದೆ ಹೋಗು ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಕಷ್ಟವಾಯಿತು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಮುಂದಿನ ಕೋಣೆಯಲ್ಲೇ ಅವನ ಕಾರ್ಖಾನೆ. ಡಾಕ್ಟರುಗಳು ಅಚ್ಚು ಕಳಿಸುತ್ತಿದ್ದರು, ಇವನು ಬಿಳಿಯ ದವಡೆಗಳನ್ನು ಸಾಲಾಗಿ ಹಲಗೆಯ ಮೇಲಿಟ್ಟುಕೊಂಡು ಹಲ್ಲು ಕೂರಿಸುತ್ತಿದ್ದ. ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡ.

"ಅಳತೆ ತಪ್ಪಿದ ಸೆಟ್ಟನ್ನ ನಾನು ವಾಪಸ್ ತಗೊಳ್ತೀನಿ. ಆದ್ರೆ ನಂದು ಹೋದ್ರೆ ಒಂದು ಸೆಟ್ಟು ಹೋಗುತ್ತೆ ಅಷ್ಟೆ. ನಿಂದು ಹಾಗಲ್ವಲ್ಲ. ನಾನೇನು ಹೇಳಲಿ?"

ಅವನು ಏನಾದರೂ ಹೇಳಲಿ ಎಂದೇ ಅವಳು ಬಂದು ಕೂತಿದ್ದಳು. ಹೀಗೆ ಮಾಡು ಎಂದಿದ್ದರೂ ಸಾಕಿತ್ತು, ಬೇಡ ಎಂದಿದ್ದರೂ ಸಾಕಿತ್ತು. ಅಡುಗೆಮನೆಯಿಂದ ಅತ್ತೆ, ಯಾವ ಮಾತು ಎಷ್ಟು ಕೇಳಿಸಿತೋ, ಆಸೆ ಇದ್ದಷ್ಟು ದಿನ ಹೆದರಿಕೆಯೂ ಇರುತ್ತೆ, ಉಂಡು ಮಲಗು ಎಂದರು.

ಸಂದರ್ಶನದ ದಿನ ಇಡೀ ವಿಭಾಗಕ್ಕೆ ತೆರೆದ ಭಾಷಣ ಬೆಳಿಗ್ಗೆ, ಬಾಗಿಲು ಮುಚ್ಚಿದ ಸಂದರ್ಶನ ಮಧ್ಯಾಹ್ನ. ಇನ್ನೊಬ್ಬ ಅಭ್ಯರ್ಥಿ ಒಂಬತ್ತೂವರೆಗೆ ಮಾತಾಡಿದ್ದ. ಮೂವತ್ತೆರಡು ವಯಸ್ಸಿನ, ಎತ್ತರದ ಆಸಾಮಿ. ನದಿಯ ಒಂದು ಬಾಟಲಿ ನೀರಿನಿಂದ ಅಲ್ಲಿ ಯಾವ ಯಾವ ಮೀನಿವೆ ಎಂದು ಕಂಡುಹಿಡಿಯುವ ಕೆಲಸ ಅವನದು. ಹೊರಗೆ ಬಂದವನು ಅವಳನ್ನು ಕಂಡು ನಕ್ಕ. ಚಿತ್ರ ಬದಲಿಸುವ ರಿಮೋಟು ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಎರಡು ಸಲ ಒತ್ತಿ ಮೇಡಂ ಎಂದು ತಾನಾಗಿಯೇ ಹೇಳಿ ಅವಳ ಕೈಗಿತ್ತ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಸೆಮಿನಾರ್ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಮುಂದಿನ ಸಾಲಿನಲ್ಲಿ ಆಯ್ಕೆ ಸಮಿತಿಯ ನಾಲ್ವರು: ಅಧ್ಯಕ್ಷರಾದ ಡೀನ್, ವಿಭಾಗದ ಮುಖ್ಯಸ್ಥ, ರಸಾಯನಶಾಸ್ತ್ರದ ಪ್ರೊಫೆಸರ್, ಮತ್ತು ಬೇರೆ ವಿಶ್ವವಿದ್ಯಾಲಯದಿಂದ ಬಂದ ವಿಷಯ ತಜ್ಞೆ. ದೊಡ್ಡ ಸರ್ ಅಲ್ಲಿರಲಿಲ್ಲ. ತಮ್ಮ ಕೈಕೆಳಗೆ ಸಂಶೋಧನೆ ಮಾಡಿದವರು ಅಭ್ಯರ್ಥಿಯಾಗಿದ್ದರೆ ಗೈಡ್ ಆದವರು ದೂರ ಇರಬೇಕು ಎಂಬುದು ನಿಯಮ. ಅವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಯಾವುದೋ ಕಾಗದ ಓದುತ್ತಿದ್ದರು. ಅವಳು ಹಾದುಹೋಗುವಾಗ ತಲೆ ಎತ್ತಿ ಕೈ ಆಡಿಸಿದರು.

ಮೊದಲ ಹತ್ತು ನಿಮಿಷ ಅವಳು ಚೆನ್ನಾಗಿ ಮಾತಾಡಿದಳು. ದೋಣಿಯಲ್ಲಿ ನಿಂತು ಕೊಳವೆ ಇಳಿಸುವಾಗ ಒಮ್ಮೆ ತಾನೇ ಕೆರೆಗೆ ಇಳಿದುಬಿಟ್ಟದ್ದನ್ನು ಹೇಳಿದಾಗ ಹಿಂದಿನ ಸಾಲಿನವರು ನಕ್ಕರು. ಹದಿಮೂರನೆಯದು ಆ ಚಿತ್ರ. ರಿಮೋಟು ಎರಡು ಸಲ ಒತ್ತಿದಳು. ಗೋಡೆಯ ಮೇಲೆ ಗೆರೆ ಬಂತು, ಬಿತ್ತು. "ಇದು ನಾವು ಮೊದಲು ಪ್ರಕಟಿಸಿದ ಫಲಿತಾಂಶ," ಎಂದಳು. ಇದು ನಿಜ ಎನ್ನಲಿಲ್ಲ, ಸುಳ್ಳು ಎನ್ನಲಿಲ್ಲ. ಮುಂದಿನ ಚಿತ್ರಕ್ಕೆ ಹೋದಳು. ಉಳಿದ ಹದಿನೈದು ನಿಮಿಷ ತನ್ನ ದನಿ ಯಾರದೋ ದನಿಯ ಹಾಗೆ ಅವಳಿಗೆ ಕೇಳಿಸುತ್ತಿತ್ತು.

ಪ್ರಶ್ನೆಗಳ ಹೊತ್ತಿಗೆ ಮೊದಲು ಕೈ ಎತ್ತಿದ್ದು ತಜ್ಞೆಯೇ. ಅರವತ್ತರ ಹತ್ತಿರದ ಹೆಂಗಸು. ಭಾಷಣದುದ್ದಕ್ಕೂ ಏನೂ ಬರೆದುಕೊಂಡಿರಲಿಲ್ಲ. ಹದಿಮೂರನೇ ಚಿತ್ರ ಮತ್ತೆ ಹಾಕಿ ಎಂದರು.

"ನಂಗೆ ಯಾವಾಗಲೂ ಒಂದು ಅನುಮಾನ. ಕಾಡು ಕಡಿದ್ರೆ ಮರದ ಪಾಲು ಇಳೀಬೇಕು, ಹುಲ್ಲಿನ ಪಾಲು ಏರಬೇಕು. ಇಲ್ಲಿ ಶೇಕಡಾವಾರು ನೋಡಿದ್ರೆ ಯಾವುದೂ ಅಲ್ಲಾಡಿಲ್ಲ. ಮರ, ಹುಲ್ಲು, ಜೊಂಡು, ಎಲ್ಲಾ ಒಂದೇ ಅಳತೇಲಿ ಇಳಿದಿದೆ. ಹೀಗೆ ಹೇಗಾಗುತ್ತೆ?"

ಇದಕ್ಕೆ ಒಂಬತ್ತು ವರ್ಷ ಹಳೆಯ ಉತ್ತರ ಒಂದಿತ್ತು. ಜನ ಮರ ಕಡಿದರು, ಅದೇ ಕಾಲಕ್ಕೆ ದನ ಹುಲ್ಲು ಮೇಯ್ದವು, ಹಾಗಾಗಿ ಎರಡೂ ಒಟ್ಟಿಗೆ ಇಳಿದವು. ಪ್ರಬಂಧದಲ್ಲಿ ಅದನ್ನೇ ಬರೆದಿದ್ದರು, ಪತ್ರಿಕೆಯವರು ಒಪ್ಪಿದ್ದರು. ಆ ವಾಕ್ಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಜ್ಞೆ ಅವಳನ್ನು ಸಿಕ್ಕಿಸಲು ಕೇಳಿರಲಿಲ್ಲ, ತಿಳಿಯಲು ಕೇಳಿದ್ದರು. ತರಗತಿಯಲ್ಲಿ ವರ್ಷಕ್ಕೊಬ್ಬರೋ ಇಬ್ಬರೋ ಹಾಗೆ ಕೇಳುವವರು ಸಿಗುತ್ತಾರೆ.

"ಆಗಲ್ಲ ಮೇಡಂ. ಅದು ಲೆಕ್ಕದ ತಪ್ಪು," ಎಂದಳು. "ಆ ಆಳದಲ್ಲಿ ಮಾತ್ರೆಯ ಡಬ್ಬಿ ಬದಲಾಗಿದೆ. ಹೊಸ ಡಬ್ಬಿಗೆ ನಾನು ಹಳೇ ಸಂಖ್ಯೇನೇ ಹಾಕಿದೀನಿ. ಸರಿಪಡಿಸಿದ್ರೆ ಈ ಇಳಿತ ಇರಲ್ಲ."

ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ತಜ್ಞೆ ನಿಧಾನವಾಗಿ ತಲೆಯಾಡಿಸಿದರು. ಥ್ಯಾಂಕ್ಸ್ ಎಂದರು. ಆಮೇಲೆ ಬಂದ ಎರಡು ಪ್ರಶ್ನೆಗಳು ಸಣ್ಣವು. ಒಬ್ಬರು ಕೊಳವೆಯ ಅಗಲ ಕೇಳಿದರು.

ಊಟದ ಹೊತ್ತಿನಲ್ಲಿ ಯಾರೂ ಅವಳ ಪಕ್ಕ ಬರಲಿಲ್ಲ. ದೊಡ್ಡ ಸರ್ ಕೋಣೆಯ ಬಾಗಿಲು ಆಗ ಮುಚ್ಚಿತ್ತು.

ಎರಡೂವರೆಗೆ ಒಳಗೆ ಕರೆದರು. ಉದ್ದ ಮೇಜು, ಆ ಕಡೆ ನಾಲ್ವರು, ಈ ಕಡೆ ಒಂದು ಕುರ್ಚಿ. ಮೊದಲ ವರ್ಷದವರಿಗೆ ಏನು ಕಲಿಸುತ್ತೀರಿ, ಪ್ರಯೋಗಾಲಯದಲ್ಲಿ ನಲವತ್ತು ಜನರಿಗೆ ಎಂಟು ಸೂಕ್ಷ್ಮದರ್ಶಕ ಇದ್ದರೆ ಹೇಗೆ ನಡೆಸುತ್ತೀರಿ ಎಂದು ವಿಭಾಗದ ಮುಖ್ಯಸ್ಥ ಕೇಳಿದರು. ಅದನ್ನು ಅವಳು ಹನ್ನೊಂದು ವರ್ಷದಿಂದ ನಡೆಸುತ್ತಲೇ ಇದ್ದಳು. ಐದೈದು ಜನರ ಗುಂಪು, ಒಬ್ಬರು ನೋಡುವುದು, ಒಬ್ಬರು ಬರೆಯುವುದು, ಉಳಿದವರು ಪಕ್ಕದ ಗುಂಪಿನ ಎಣಿಕೆ ಪರೀಕ್ಷಿಸುವುದು ಎಂದು ವಿವರಿಸುತ್ತಾ ಹೋದ ಹಾಗೆ ಅವಳ ದನಿ ಅವಳದೇ ಆಯಿತು. ಮುಂದಿನ ಐದು ವರ್ಷದ ಸಂಶೋಧನೆಯ ಯೋಜನೆ ಕೇಳಿದರು. ಇನ್ನೂ ಮೂರು ಕೆರೆ ಎಂದಳು. ಡೀನ್ ಗುರುತು ಹಾಕಿಕೊಂಡರು. ಒಂದು ಕ್ಷಣ, ಎಲ್ಲ ಸರಿಹೋಗಬಹುದು ಎಂದು ಅವಳಿಗೆ ಅನಿಸಿತು.

ಆಗ ರಸಾಯನಶಾಸ್ತ್ರದ ಪ್ರೊಫೆಸರ್ ಅವಳ ಬೋಧನಾ ಹೇಳಿಕೆಯ ಎರಡು ಹಾಳೆಗಳನ್ನು ಕೈಗೆತ್ತಿಕೊಂಡರು. ಕಲಿಸುವುದರ ಬಗ್ಗೆ ತನಗಿರುವ ನಂಬಿಕೆಯನ್ನು ಪ್ರತಿ ಅಭ್ಯರ್ಥಿಯೂ ಅರ್ಜಿಯ ಜೊತೆ ಬರೆದು ಕೊಡಬೇಕಿತ್ತು. ಅವರು ಎರಡನೆಯ ಹಾಳೆಯಿಂದ ಓದಿದರು: "ನನ್ನ ತರಗತಿಯಲ್ಲಿ ರಬ್ಬರಿಗೆ ಅವಕಾಶವಿಲ್ಲ. ತಪ್ಪಾದರೆ ಒಂದೇ ಗೆರೆ ಹೊಡೆಯಬೇಕು, ಕೆಳಗಿನದು ಓದುವಂತಿರಬೇಕು, ಪಕ್ಕದಲ್ಲಿ ತಾರೀಖು ಹಾಕಬೇಕು. ತಪ್ಪು ಗೊತ್ತಾದ ದಿನವೇ ಅದನ್ನು ಹೇಳುವುದನ್ನು ಕಲಿಸುವುದು ಪರಾಗ ಎಣಿಸುವುದನ್ನು ಕಲಿಸುವುದಕ್ಕಿಂತ ಕಷ್ಟ."

ಹಾಳೆ ಕೆಳಗಿಟ್ಟರು. ಒಳ್ಳೆಯ ಮನುಷ್ಯ. ಅವರ ಮುಖದಲ್ಲಿ ಕೊಂಕು ಇರಲಿಲ್ಲ.

"ತುಂಬಾ ಚೆನ್ನಾಗಿ ಬರೆದಿದ್ದೀರಿ. ಬೆಳಿಗ್ಗೆ ಪ್ರಶ್ನೆ ಬಂದ ಕೂಡಲೇ ನೀವು ತಪ್ಪು ಒಪ್ಪಿಕೊಂಡಿದ್ದು ನಮಗೆಲ್ಲ ಹಿಡಿಸ್ತು. ಆ ಪ್ರಶ್ನೆ ಕೇಳಿದಾಗಲೇ ನಿಮಗದು ಹೊಳೆದದ್ದು ಅಲ್ವಾ?"

ಅವರು ಅವಳಿಗೆ ಹಾದಿ ಮಾಡಿಕೊಡುತ್ತಿದ್ದರು. ಹೌದು ಎಂದರೆ ಸಾಕಿತ್ತು. ಡೀನ್ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ವಿಭಾಗದ ಮುಖ್ಯಸ್ಥ ಆಗಲೇ ಅರ್ಧ ತಲೆಯಾಡಿಸಿದ್ದರು. ತಜ್ಞೆಯೊಬ್ಬರೇ ಅವಳ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ನಿಂತ ನಿಲುವಿನಲ್ಲಿ ಡಬ್ಬಿ ಬದಲಾದದ್ದು, ಆಳ, ಸಂಖ್ಯೆ ಎಲ್ಲ ಒಟ್ಟಿಗೆ ಯಾರಿಗೂ ಹೊಳೆಯುವುದಿಲ್ಲ ಎಂದು ಆ ಹೆಂಗಸಿಗೆ ಗೊತ್ತಿತ್ತು. ಗೊತ್ತಿದೆ ಎಂದು ಇವಳಿಗೂ ಗೊತ್ತಿತ್ತು.

"ಇಲ್ಲ ಸರ್. ಗೊತ್ತಾಗಿ ಮೂರು ವಾರ ಆಯ್ತು," ಎಂದಳು.

ಮತ್ತೆ ಇವತ್ತು ಆ ಚಿತ್ರ ಯಾಕೆ ತೋರಿಸಿದಿರಿ ಎಂದು ಡೀನ್ ಕೇಳಿದರು. ಕೆಲಸ ಬೇಕಿತ್ತು ಎಂದಳು. ಮೂರು ವಾರದಲ್ಲಿ ಈ ವಿಷಯ ಬೇರೆ ಯಾರಿಗಾದರೂ ಹೇಳಿದ್ದಿರಾ ಎಂದು ಅವರು ಮತ್ತೆ ಕೇಳಿದರು. ಪ್ರಬಂಧದ ಮೇಲೆ ಇದ್ದದ್ದು ಎರಡೇ ಹೆಸರು. ಎಲ್ಲರಿಗೂ ಆ ಎರಡನೆಯ ಹೆಸರು ಗೊತ್ತು, ಆ ಎರಡನೆಯವರು ನಾಲ್ಕು ಬಾಗಿಲಿನ ಆಚೆ ಕೂತಿದ್ದರು.

"ಲೆಕ್ಕ ಮಾಡಿದ್ದೂ ನಾನೇ, ಇವತ್ತು ಚಿತ್ರ ಹಾಕಿದ್ದೂ ನಾನೇ," ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಡೀನ್ ಏನೋ ಬರೆದುಕೊಂಡರು.

ನಿಮಗೇನಾದರೂ ಕೇಳುವುದಿದೆಯೇ ಎಂದು ವಾಡಿಕೆಯಂತೆ ಕೊನೆಗೆ ಕೇಳಿದರು. ಇಲ್ಲ ಎಂದು ಅವಳು ಎದ್ದಾಗ ತಜ್ಞೆ ಮೊದಲ ಸಲ ಅವಳ ಕಡೆ ತಿರುಗಿದರು.

"ಒಂದು ಮಾತು. ಸರಿಪಡಿಸಿದ ಗೆರೆನ ಹದಿಮೂರನೇ ಚಿತ್ರದಲ್ಲಿ ನೀವಾಗೇ ತೋರಿಸಿದ್ದಿದ್ರೆ, ಇಡೀ ಭಾಷಣದಲ್ಲಿ ಅದೇ ಒಳ್ಳೇ ಭಾಗ ಆಗ್ತಿತ್ತು. ಒಂದು ಕಾಡು ಆರುನೂರು ವರ್ಷ ಅಲ್ಲಾಡದೆ ನಿಂತಿತ್ತು ಅನ್ನೋದು ಸಣ್ಣ ಸಂಗತಿ ಅಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೊರಗೆ ಬಂದು ಮೆಟ್ಟಿಲ ಹತ್ತಿರದ ನಲ್ಲಿಯಲ್ಲಿ ಬೇಕಿಲ್ಲದಿದ್ದರೂ ಕೈ ತೊಳೆದುಕೊಂಡಳು. ಸರಿಪಡಿಸಿದ ಗೆರೆಯನ್ನು ತಾನಾಗಿಯೇ ತೋರಿಸುವ ದಾರಿ ಮೂರು ವಾರ ಕಣ್ಣೆದುರೇ ಇತ್ತು. ಹೇಳುವುದು ಅಥವಾ ಮುಚ್ಚುವುದು, ಇವೆರಡರಲ್ಲಿ ಯಾವುದಾದರೂ ಒಂದನ್ನು ಪೂರ್ತಿ ಮಾಡಬಹುದಿತ್ತು. ಎರಡನ್ನೂ ಅರ್ಧರ್ಧ ಮಾಡಿದ್ದಳು.

ದೊಡ್ಡ ಸರ್ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಬೆಳಗಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅವಳು ಹತ್ತಿರ ಬರುವವರೆಗೆ ಕಾದು, ದನಿ ತಗ್ಗಿಸಿ, "ನನ್ನ ಹೆಸರು ಬಂತಾ?" ಎಂದರು.

ಬರಲಿಲ್ಲ ಎಂದಳು. ಅವರು ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಆ ಉಸಿರು ಕೇಳಿಸಿದ್ದು ಅವರಿಗೂ ತಿಳಿಯಿತೇನೋ. ಮುಖ ಕೆಂಪಗಾಯಿತು. ಹೇಗಾಯ್ತಮ್ಮಾ ಎಂದು ಆಮೇಲೆ ಕೇಳಿದರು. ಆಯ್ತು ಸರ್ ಎಂದು ಅವಳು ಚೀಲ ತೆಗೆದುಕೊಂಡು ಹೊರಟಳು. ಇಪ್ಪತ್ತು ವರ್ಷದ ಪರಿಚಯದಲ್ಲಿ ಅವರಿಗೆ ಬರುತ್ತೇನೆ ಎಂದು ಹೇಳದೆ ಹೊರಟದ್ದು ಅದೇ ಮೊದಲು.

ಒಂಬತ್ತು ದಿನದ ಮೇಲೆ ಮೇಲ್ ಬಂತು. ನಾಲ್ಕು ಸಾಲು, ಆಯ್ಕೆಯಾಗಿಲ್ಲ, ಮುಂದಿನ ಪ್ರಯತ್ನಗಳಿಗೆ ಶುಭಾಶಯ. ಹುದ್ದೆ ಎತ್ತರದವನಿಗೆ ಹೋಯಿತು. ಗಂಡ ಮೇಲ್ ಓದಿ ಫೋನು ಅವಳ ಕೈಗೆ ವಾಪಸ್ ಕೊಟ್ಟ, ಅವಳ ಪಕ್ಕ ಬಂದು ಕೂತ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಅತ್ತೆ ಯಾವತ್ತಿನ ಗಾದೆ ಹೇಳಿ, ಹೇಳಿದ ಮೇಲೆ ಮಗನ ಹಲಗೆಯ ಕಡೆ ನೋಡಿ ತಾವೇ ಸುಮ್ಮನಾದರು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ತಿದ್ದುಪಡಿಯನ್ನು ಅವಳು ಆ ವಾರವೇ ಬರೆದಳು. ಅದಕ್ಕೆ ಇಬ್ಬರ ಸಹಿಯೂ ಬೇಕು ಎಂದು ಪತ್ರಿಕೆಯವರು ತಿಳಿಸಿದರು. ದೊಡ್ಡ ಸರ್‌ಗೆ ಮೂರು ಸಲ ಕಳಿಸಿದಳು. ಎರಡು ಸಲ ಉತ್ತರ ಬರಲಿಲ್ಲ. ಮೂರನೆಯ ಸಲ ಸಹಿ ಹಾಕಿ ಕಳಿಸಿದರು, ಒಂದು ವಾಕ್ಯ ಸೇರಿಸಿದ್ದರು: ಎಣಿಕೆ ಮತ್ತು ಲೆಕ್ಕ ಎರಡನ್ನೂ ಮೊದಲನೆಯ ಲೇಖಕಿಯೇ ಮಾಡಿದ್ದರು. ಅದು ಸತ್ಯವೇ. ಅವಳು ಒಂದಕ್ಷರವನ್ನೂ ಬದಲಿಸದೆ ಪತ್ರಿಕೆಗೆ ಕಳಿಸಿದಳು. ಅರ್ಧ ಪುಟದಲ್ಲಿ ಅಚ್ಚಾಯಿತು. ಅವರಿಂದ ಫೋನು ಬರಲಿಲ್ಲ, ಅವಳೂ ಮಾಡಲಿಲ್ಲ.

ಹೊಸಬ ಬಂದ ಮೇಲೆ ಅವಳ ತರಗತಿಗಳು ಅವನ ಪಾಲಿಗೆ ಹೋದವು. ರಜೆ ಮುಗಿದಾಗ ಈ ಸಲ ಅರ್ಜಿ ಕರೆಯಲಿಲ್ಲ. ಅವಳು ಮೇಜಿನ ಮೇಲಿದ್ದದ್ದನ್ನು ಎರಡು ಡಬ್ಬದಲ್ಲಿ ತುಂಬಿದಳು. ಶೀತಲ ಕೋಣೆಯಲ್ಲಿಟ್ಟ ಕೆಸರಿನ ಕೊಳವೆಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದು ಎತ್ತರದವನಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಇವನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಅವಳು ನಂಬಿದಳು. ಆದರೂ ಅವನ್ನು ಇನ್ನು ಯಾರು ಎಣಿಸುತ್ತಾರೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಊರಾಚೆಯ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ದಿನಕ್ಕೆ ಅರವತ್ತು ಬಾಟಲಿ ನೀರು, ಪ್ರತಿಯೊಂದಕ್ಕೂ ಅದೇ ಆರು ಪರೀಕ್ಷೆ. ಮೊದಲ ದಿನ ಬೆಳಿಗ್ಗೆ ಅಲ್ಲಿನ ಮೇಲ್ವಿಚಾರಕಿ, ಅವಳಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು, ಬಿಳಿ ಕೋಟು ಕೊಟ್ಟು, ಬೀರು ತೋರಿಸಿ, ನೋಂದಣಿ ಪುಸ್ತಕ ಎಲ್ಲಿದೆ ಎಂದು ಹೇಳಿದಳು. ಆಮೇಲೆ ನೀರು ಅಳೆದು ಹಾಕುವ ಗಾಜಿನ ಪಿಪೆಟ್ಟೊಂದನ್ನು ಎತ್ತಿ ಹಿಡಿದು, "ಇದನ್ನ ಉಪಯೋಗಿಸೋದು ಗೊತ್ತಾ ಅಕ್ಕಾ?" ಎಂದಳು.

"ಗೊತ್ತು," ಎಂದಳು ಅವಳು. ಪಿಪೆಟ್ಟು ತೆಗೆದುಕೊಂಡು ಮೊದಲ ಬಾಟಲಿಯ ಮುಚ್ಚಳ ಬಿಚ್ಚಿದಳು.